ಪುಟ 31ರ ದುಡ್ಡು

ಶಿಡ್ಲಘಟ್ಟದ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ತಹಶೀಲ್ದಾರರಿಗೆ ಅರ್ಜಿ, ಶ್ರದ್ಧಾಂಜಲಿ ಪೋಸ್ಟರು, ಇವುಗಳ ನಡುವೆ ಬಿಡುವು ಸಿಕ್ಕಾಗಲೆಲ್ಲ ಕೂತು ಎರಡು ವರ್ಷದಲ್ಲಿ ಒಂದು ಚಿತ್ರಕಥೆ ಬರೆದೆ. ಕಥೆ ದೊಡ್ಡದೇನಲ್ಲ. ರತ್ನಮ್ಮ ಎಂಬ ವಿಧವೆ. ತೀರಿಹೋದ ಗಂಡನ ಪಾಲಿಗೆ ಬಂದಿದ್ದ ಒಂದು ಎಕರೆ ಹಿಪ್ಪುನೇರಳೆ ತೋಟವನ್ನು ಬಡಾವಣೆ ಮಾಡುವವರಿಗೆ ಕೊಟ್ಟುಬಿಡೋಣ ಎಂದು ಮೈದುನ ದುಂಬಾಲು ಬಿದ್ದಿದ್ದಾನೆ. ತೋಟದಿಂದ ಬದುಕಬಹುದು ಎಂದು ತೋರಿಸಲು ಆಕೆಗೆ ಒಂದು ಬೆಳೆ ಬೇಕು. ಚಾಕಿ ಹುಳು, ಅಂದರೆ ಎಳೆಯ ರೇಷ್ಮೆ ಹುಳು, ಮನೆಗೆ ಬಂದ ದಿನದಿಂದ ಗೂಡು ಮಾರುಕಟ್ಟೆಗೆ ಹೋಗುವ ದಿನದವರೆಗಿನ 23 ದಿನಗಳೇ ಸಿನಿಮಾ.

ಎರಡನೆಯ ಕರಡು 112 ಪುಟವಾಗಿತ್ತು. ಅದನ್ನು ಮೂವರಿಗೆ ಕೊಟ್ಟೆ. ಒಬ್ಬರು ಚಿಂತಾಮಣಿಯಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು, ಶಾಲೆಯ ಮಕ್ಕಳಿಂದ ನಾಟಕ ಆಡಿಸಿ ಆಡಿಸಿ ಪಳಗಿದವರು. ಇನ್ನೊಬ್ಬಳು ಬೆಂಗಳೂರಿನಲ್ಲಿ ಸಹಾಯಕ ನಿರ್ದೇಶಕಿಯಾಗಿರುವ ನನ್ನ ಗೆಳತಿ. ಮೂರನೆಯವರು ಅವಳ ಮೂಲಕ ಪರಿಚಯವಾದ ಒಬ್ಬ ನಿರ್ಮಾಪಕರು. ಮೂವರೂ ಓದಿದರು ಎನ್ನುವುದೇ ದೊಡ್ಡದು. ನಮ್ಮಲ್ಲಿ ಬಹಳ ಜನ ಕಥೆ ಕೇಳುತ್ತಾರೆ, ಓದುವುದಿಲ್ಲ. ಎಲ್ಲ ಸೇರಿಸಿ ನೋಡಿದಾಗ 41 ಸಲಹೆಗಳಿದ್ದವು.

ಮೊದಲ ದಿನ ಮೇಷ್ಟ್ರ ಮನೆಯಲ್ಲಿ ಎರಡು ಗಂಟೆ ಕೂತಿದ್ದೆ. ಮನೆಗೆ ಬಂದು ನೋಟ್‌ಬುಕ್ ತೆಗೆದರೆ ಅದರಲ್ಲಿ ಅವರು ಹೇಳಿದ್ದು ಒಂದೂ ಇರಲಿಲ್ಲ. ಅವರಿಗೆ ನಾನು ಕೊಟ್ಟ ಉತ್ತರಗಳನ್ನೇ ಬರೆದುಕೊಂಡಿದ್ದೆ. ‘ಅದು ಬೇಕೆಂದೇ ಹಾಗಿಟ್ಟಿದ್ದೇನೆ’, ‘ಮುಂದೆ ದೃಶ್ಯ 40ರಲ್ಲಿ ಗೊತ್ತಾಗುತ್ತದೆ’, ಹೀಗೆ ಒಂದೂವರೆ ಪುಟ. ನಾಚಿಕೆಯಾಯಿತು. ಮತ್ತೆ ಫೋನ್ ಮಾಡಿ, ಇನ್ನೊಮ್ಮೆ ಬರುತ್ತೇನೆ, ಈ ಸಲ ಬಾಯಿ ತೆರೆಯುವುದಿಲ್ಲ ಎಂದೆ. ‘ಬಾರಮ್ಮ, ಕಾಫಿ ಕುಡಿಯುವುದಕ್ಕಾದರೂ ತೆರೆಯಬೇಕಾಗುತ್ತದೆ’ ಎಂದರು.

ಎರಡನೆಯ ಸಲ ಹೋದಾಗ ಒಂದೇ ಪ್ರಶ್ನೆ ಕೇಳುವುದೆಂದು ತೀರ್ಮಾನಿಸಿದ್ದೆ: ಹಾಗನ್ನಿಸಿದ್ದು ಯಾವ ಪುಟದಲ್ಲಿ? ಓದಿದವರು ಅಭಿಪ್ರಾಯ ಹೇಳುವಾಗ ಪುಟದ ಲೆಕ್ಕ ಕೊಡುವುದಿಲ್ಲ. ‘ಮಧ್ಯೆ ಎಲ್ಲೋ ಜಗ್ಗುತ್ತದೆ’ ಎನ್ನುತ್ತಾರೆ. ಆ ‘ಎಲ್ಲೋ’ ಎಲ್ಲಿ ಎಂದು ಹಿಡಿಯದೆ ತಿದ್ದಲು ಕೂತರೆ ಚೆನ್ನಾಗಿರುವುದನ್ನೇ ಕೆಡಿಸಿಕೊಳ್ಳುತ್ತೇವೆ. ಗೆಳತಿಗೆ ಇದನ್ನೇ ಬೇರೆ ರೀತಿ ಕೇಳಿದೆ. ಓದುತ್ತಾ ಓದುತ್ತಾ ಮೊದಲ ಬಾರಿ ಮೊಬೈಲ್ ಕೈಗೆತ್ತಿಕೊಂಡದ್ದು ಯಾವಾಗ? ಅವಳು ಮುಚ್ಚುಮರೆ ಇಲ್ಲದವಳು. ಪುಟ ತಿರುವಿ ನೋಡಿ, ‘34’ ಎಂದಳು.

ಅಂಗಡಿಯಲ್ಲಿ ಹೊಸದಾಗಿ ಒಂದು ಪ್ರತಿ ತೆಗೆದು, ಅಗಲವಾದ ಅಂಚು ಬಿಟ್ಟು, 41 ಸಲಹೆಗಳನ್ನೂ ಆಯಾ ಪುಟದ ಅಂಚಿಗೆ ಇಳಿಸಿದೆ. ಮೇಷ್ಟ್ರದು ಹಸಿರು ಪೆನ್ಸಿಲ್, ಗೆಳತಿಯದು ನೀಲಿ, ನಿರ್ಮಾಪಕರದು ಕೆಂಪು. ಇಡೀ ಪ್ರತಿಯಲ್ಲಿ ಅಲ್ಲೊಂದು ಇಲ್ಲೊಂದು ಬಣ್ಣವಿತ್ತು. 28ನೇ ಪುಟದಿಂದ 45ನೇ ಪುಟದವರೆಗೆ ಮಾತ್ರ ಮೂರೂ ಬಣ್ಣ ಒಂದರ ಮೇಲೊಂದು ಬಿದ್ದು ಹೋಳಿ ಆಡಿದಂತಿತ್ತು. ಅಷ್ಟರಲ್ಲೇ 13 ಸಲಹೆ.

ಆದರೆ ಒಬ್ಬರ ಮಾತು ಇನ್ನೊಬ್ಬರಿಗೆ ಹೊಂದುತ್ತಿರಲಿಲ್ಲ. ಅಲ್ಲಿ ಕಥೆ ನಿಂತುಬಿಡುತ್ತದೆ, ಹತ್ತು ಪುಟ ಕತ್ತರಿಸು ಎಂದಿದ್ದರು ಮೇಷ್ಟ್ರು. ರತ್ನಮ್ಮನಿಗೆ ಆ ತೋಟದ ಮೇಲೆ ಅಷ್ಟೇಕೆ ಮೋಹ ಎಂದು ಗೊತ್ತಾಗುವುದಿಲ್ಲ, ಗಂಡ ಬದುಕಿದ್ದ ದಿನಗಳ ಫ್ಲ್ಯಾಷ್‌ಬ್ಯಾಕ್ ಹಾಕು ಎಂದಿದ್ದಳು ಗೆಳತಿ. ಅಂದರೆ ಹತ್ತು ಪುಟ ಸೇರಿಸು ಎಂದಹಾಗಾಯಿತು. ನಿರ್ಮಾಪಕರದು ಮೂರನೆಯ ದಾರಿ: ‘ಮೈದುನನಲ್ಲಿ ದಮ್ಮಿಲ್ಲ ಮೇಡಂ, ಅವನನ್ನು ಸರಿಯಾದ ವಿಲನ್ ಮಾಡಿ. ರಾತ್ರಿ ಹುಳುಮನೆಗೆ ಬೆಂಕಿ ಇಡಲಿ, ಇಂಟರ್ವಲ್ ಅಲ್ಲೇ ಬೀಳಲಿ.’

ಮೂರು ದಿನ ಆ ಪುಟಗಳನ್ನೇ ನೋಡುತ್ತಾ ಕೂತೆ. ಮೂರು ಜನ ಒಂದೇ ಕಡೆ ಎಡವಿದ್ದಾರೆ, ಅಲ್ಲಿ ಕಲ್ಲಿರುವುದು ನಿಜ. ಕಲ್ಲು ಯಾವುದು ಎನ್ನುವುದರಲ್ಲಿ ಮೂವರೂ ತಪ್ಪಿರಬಹುದು. ಹಾಗಾಗಿ ಮೂರು ಪರಿಹಾರಗಳನ್ನೂ ಪಕ್ಕಕ್ಕಿಟ್ಟು, 45ನೇ ಪುಟದಿಂದ ಹಿಂದಕ್ಕೆ ಓದುತ್ತಾ ಬಂದೆ. ಪ್ರತಿ ದೃಶ್ಯದಲ್ಲೂ ಒಂದೇ ವಿಷಯ ನೋಡಿದೆ: ಇಲ್ಲಿ ರತ್ನಮ್ಮ ತಾನಾಗಿ ಮಾಡಿದ್ದೇನು? ದೃಶ್ಯ 27, ಸೊಪ್ಪು ಹಾಕುತ್ತಾಳೆ. 26, ಸೊಪ್ಪು ಹಾಕುತ್ತಾಳೆ. 25, ಅಳುತ್ತಾಳೆ. 24, ಸೊಪ್ಪು. ಹೀಗೆ ಹಿಂದೆ ಸರಿದು ಪುಟ 31ಕ್ಕೆ ಬಂದಾಗ ಈ ದೃಶ್ಯ ಸಿಕ್ಕಿತು.

ದೃಶ್ಯ 22. ರತ್ನಮ್ಮನ ಮನೆ, ಜಗಲಿ. ಸಂಜೆ.
ರತ್ನಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಾಳೆ. ಅಣ್ಣ ಬೈಕು ನಿಲ್ಲಿಸಿ ಬರುತ್ತಾನೆ. ಜೇಬಿನಿಂದ ನೋಟಿನ ಕಟ್ಟು ತೆಗೆದು ಮೊರದಲ್ಲಿಡುತ್ತಾನೆ.
ಅಣ್ಣ: ಹುಳು ತಂದುಕೋ. ಆದಾಗ ಕೊಡು.
ರತ್ನಮ್ಮನ ಕಣ್ಣು ತುಂಬುತ್ತದೆ.

ಅಕ್ಕಿಯ ನಡುವೆ ನೋಟಿನ ಕಟ್ಟು! ಇದನ್ನು ಬರೆದ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ, ಅಷ್ಟು ಖುಷಿಯಾಗಿತ್ತು. ಮೂವರಲ್ಲಿ ಒಬ್ಬರೂ ಈ ದೃಶ್ಯದ ಬಗ್ಗೆ ಚಕಾರವೆತ್ತಿರಲಿಲ್ಲ. ಮೇಷ್ಟ್ರಂತೂ ಪಕ್ಕದಲ್ಲಿ ‘ಚೆಂದ’ ಎಂದು ಬರೆದಿದ್ದರು. ಆದರೆ ಹಿಂದಿನ 21 ದೃಶ್ಯಗಳಲ್ಲಿ ನಾನು ಕಟ್ಟಿಕೊಂಡು ಬಂದದ್ದು ಒಂದೇ ಪ್ರಶ್ನೆ, ಹುಳುವಿಗೆ ದುಡ್ಡು ಎಲ್ಲಿಂದ ಬರುತ್ತದೆ ಎಂದು. ಅದಕ್ಕೆ ಉತ್ತರ ಬೈಕಿನಲ್ಲಿ ಕೂತು ತಾನೇ ಮನೆ ಬಾಗಿಲಿಗೆ ಬಂದಿತ್ತು. ರತ್ನಮ್ಮ ಕೇಳಲಿಲ್ಲ, ಏನನ್ನೂ ಒತ್ತೆ ಇಡಲಿಲ್ಲ, ಸೋತರೆ ಕಳೆದುಕೊಳ್ಳುವುದೂ ಏನಿಲ್ಲ. ಆಮೇಲಿನ ಹದಿನಾಲ್ಕು ಪುಟ ಜಗ್ಗದೆ ಇನ್ನೇನಾಗುತ್ತದೆ? ಗೆಳತಿಗೆ ಅವಳ ಮೋಹ ಕಾಣಲಿಲ್ಲ, ಯಾಕೆಂದರೆ ಆ ಮೋಹಕ್ಕಾಗಿ ಅವಳು ಏನನ್ನೂ ಕೊಟ್ಟಿರಲಿಲ್ಲ. ನಿರ್ಮಾಪಕರಿಗೆ ಮೈದುನನಲ್ಲಿ ದಮ್ಮು ಕಾಣಲಿಲ್ಲ, ಯಾಕೆಂದರೆ ಅಣ್ಣ ದುಡ್ಡು ತಂದ ಮೇಲೆ ಮೈದುನನಿಗೆ ಕಥೆಯಲ್ಲಿ ಕೆಲಸವೇ ಉಳಿದಿರಲಿಲ್ಲ.

ದುಡ್ಡು ಬೇರೆ ಯಾರಿಂದ ಬರಬಹುದೆಂದು ಪಟ್ಟಿ ಮಾಡಿದೆ. ಸ್ತ್ರೀಶಕ್ತಿ ಸಂಘ, ಒಡವೆ, ಬಡ್ಡಿ ವ್ಯಾಪಾರಿ. ಎಲ್ಲವೂ ನೋಡಿ ಹಳತಾದವು. ಕೊನೆಗೆ, ಯಾರ ಹತ್ತಿರ ಕೇಳುವುದು ಅವಳಿಗೆ ಅತ್ಯಂತ ಕಷ್ಟ ಎಂದು ಯೋಚಿಸಿದಾಗ ಉತ್ತರ ಹೊಳೆಯಿತು.

ದೃಶ್ಯ 22. ಮೈದುನನ ಮನೆ, ಪಡಸಾಲೆ. ಬೆಳಿಗ್ಗೆ.
ಮೈದುನ ಜಮೀನಿನ ಕಾಗದಗಳನ್ನು ಹರಡಿಕೊಂಡು ಕೂತಿದ್ದಾನೆ. ರತ್ನಮ್ಮ ಹೊಸ್ತಿಲಲ್ಲೇ ನಿಂತಿದ್ದಾಳೆ.
ರತ್ನಮ್ಮ: ಹುಳುವಿಗೆ ದುಡ್ಡು ಬೇಕು.
ಮೈದುನ: ನನ್ನನ್ನು ಕೇಳುತ್ತೀರಾ ಅತ್ತಿಗೆ?
ರತ್ನಮ್ಮ: ಬೆಳೆ ಕೆಟ್ಟರೆ ನೀನು ತೋರಿಸಿದ ಕಡೆ ಸಹಿ ಹಾಕುತ್ತೇನೆ.
ಮೈದುನ ಕಾಗದಗಳನ್ನು ನಿಧಾನವಾಗಿ ಒಟ್ಟುಮಾಡುತ್ತಾನೆ. ಒಳಗೆ ತಿರುಗಿ ಹೆಂಡತಿಗೆ ಹೇಳುತ್ತಾನೆ: ಅತ್ತಿಗೆಗೆ ಕಾಫಿ ತಗೊಂಡು ಬಾ.

ಕಾಫಿ ಹೇಳಿಸಿದ್ದು ನಿರ್ಮಾಪಕರಿಗೆ ನಾನು ಕೊಟ್ಟ ಉತ್ತರ. ಮೈದುನ ಕೆಟ್ಟವನಲ್ಲ. ಅವನಿಗೂ ಇಬ್ಬರು ಹೆಣ್ಣುಮಕ್ಕಳಿದ್ದಾರೆ, ಕೊಳವೆ ಬಾವಿ ಕೊರೆಸಿ ಕೈ ಸುಟ್ಟುಕೊಂಡಿದ್ದಾನೆ, ದೇವನಹಳ್ಳಿ ಕಡೆಯಿಂದ ಭೂಮಿ ಬೆಲೆ ಏರುತ್ತಾ ಬರುವುದನ್ನು ನೋಡುತ್ತಿದ್ದಾನೆ. ಅವನು ಬೆಂಕಿ ಇಟ್ಟರೆ ಪ್ರೇಕ್ಷಕರಿಗೆ ಯೋಚಿಸಲು ಏನೂ ಉಳಿಯುವುದಿಲ್ಲ, ಪೊಲೀಸರನ್ನು ಕರೆದರೆ ಕಥೆ ಮುಗಿಯುತ್ತದೆ. ನಿರ್ಮಾಪಕರು ಕೇಳಿದ ಬೆಂಕಿಯನ್ನು ನಾನು ಕೊಡಲಿಲ್ಲ, ಆದರೆ ಆ ಬೆಂಕಿಯಿಂದ ಅವರಿಗೆ ಬೇಕಾಗಿದ್ದ ಭಯವನ್ನು ಕೊಟ್ಟೆ. ಇನ್ನು ಮುಂದೆ ಒಂದೊಂದು ಹುಳು ಸತ್ತಾಗಲೂ ತೋಟದ ಒಂದು ತುಂಡು ಹೋದಂತೆ.

ಒಂದು ದೃಶ್ಯ ಬದಲಿಸಿದರೆ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ, ಶುರುವಾಗುತ್ತದೆ. ಅಣ್ಣನ ಪಾತ್ರವೇ ಬೇಡವಾಯಿತು, ಅವನಿದ್ದ ಐದು ದೃಶ್ಯಗಳೂ ಹೋದವು. ಗೂಡನ್ನು ಮಾರುಕಟ್ಟೆಗೆ ಸಾಗಿಸುತ್ತಿದ್ದವನೂ ಅವನೇ ಆದ್ದರಿಂದ ಈಗ ಮೈದುನನ ಟೆಂಪೋ ಬಂತು. ಸೋಲಲಿ ಎಂದು ಕಾಯುತ್ತಿರುವವನೇ ಗೂಡನ್ನು ಜೋಪಾನವಾಗಿ ಏರಿಸುತ್ತಾನೆ. ಇದು ಕೇಳದೆ ಸಿಕ್ಕ ಲಾಭ. ಆದರೆ ದೃಶ್ಯ 33 ಕೈಕೊಟ್ಟಿತು. ಅಲ್ಲಿ ಮೈದುನ ತನ್ನ ಸರದಿ ಎಂದು ಕೊಳವೆ ಬಾವಿಯ ನೀರನ್ನು ತನ್ನ ತೋಟಕ್ಕೆ ತಿರುಗಿಸಿಕೊಳ್ಳುತ್ತಾನೆ. ಹಳೆಯ ಕರಡಿನಲ್ಲಿ ಅದು ಎರಡು ಮನೆಗಳ ನಡುವಿನ ಸಣ್ಣ ಜಗಳ. ಹೊಸ ಒಪ್ಪಂದವಾದ ಮೇಲೆ ಅದೇ ದೃಶ್ಯವನ್ನು, ಒಂದಕ್ಷರವೂ ಬದಲಾಗದೆ, ಓದಿದರೆ ಅವನು ಬೆಳೆ ಕೆಡಿಸಲು ಹೊಂಚು ಹಾಕುತ್ತಿರುವಂತೆ ಕಾಣುತ್ತಿತ್ತು. ನಾನು ಬಾಗಿಲಲ್ಲಿ ತಡೆದ ವಿಲನ್ ಹಿತ್ತಲಿನಿಂದ ಒಳಗೆ ಬಂದಿದ್ದ. ದೃಶ್ಯವನ್ನು ಕಿತ್ತುಹಾಕಿದೆ. ಸಲಹೆ ಒಪ್ಪಿ ತಿದ್ದಿದ ಮೇಲೆ ಮೊದಲ ಪುಟದಿಂದ ಮತ್ತೆ ಓದದೆ ಕಳಿಸಿದ್ದರೆ ಇದು ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಫ್ಲ್ಯಾಷ್‌ಬ್ಯಾಕ್ ಬರೆಯಲಿಲ್ಲ. ಹೊಸ ದೃಶ್ಯ 22 ಓದಿದ ಮೇಲೆ ಗೆಳತಿಯೂ ಅದನ್ನು ಮತ್ತೆ ಎತ್ತಲಿಲ್ಲ. ನಂದಿ ಬೆಟ್ಟದಲ್ಲೊಂದು ಹಾಡು ಎಂಬ ಸಲಹೆಯ ಬಗ್ಗೆ ಹೇಳುವುದಕ್ಕೇನೂ ಇಲ್ಲ.

ನಾಲ್ಕನೆಯ ಓದುಗರು ನಮ್ಮ ಅತ್ತೆ. ಅವರಿಗೆ ಓದು ಬರುವುದಿಲ್ಲ. ಮೂವತ್ತು ವರ್ಷದಿಂದ ಹುಳು ಸಾಕುತ್ತಿದ್ದಾರೆ, ಆದ್ದರಿಂದ ಹುಳುವಿನ ವಿವರ ಸರಿಯಿದೆಯೇ ನೋಡಲಿ ಎಂದು ರಾತ್ರಿ ಸೊಪ್ಪು ಹಾಕುವ ಹೊತ್ತಿನಲ್ಲಿ ಪಕ್ಕದಲ್ಲಿ ನಿಂತು ಓದಿ ಹೇಳಿದೆ. ಐದನೆಯ ಹಂತದ ಹುಳು ಸೊಪ್ಪು ಮೇಯುವ ಸದ್ದಿಗೆ ನನ್ನ ದನಿ ಎತ್ತರಿಸಬೇಕಾಗಿತ್ತು. ಇಂಟರ್ವಲ್‌ಗೆ ಮುಂಚಿನ ದೃಶ್ಯ ನನ್ನ ಹೆಮ್ಮೆಯದು. ರತ್ನಮ್ಮ ಬೆಳಿಗ್ಗೆ ಬಾಗಿಲು ತೆರೆಯುತ್ತಾಳೆ, ಹುಳುಗಳು ಸೊಪ್ಪು ಮುಟ್ಟದೆ, ಕದಲದೆ, ತಲೆ ಎತ್ತಿಕೊಂಡು ನಿಂತಿವೆ, ರೋಗ ಬಂತೆಂದು ಅವಳು ಚೀರುತ್ತಾಳೆ.

ಅತ್ತೆ ಸೊಪ್ಪು ಹಾಕುವುದನ್ನು ನಿಲ್ಲಿಸಿ ನಗತೊಡಗಿದರು. ‘ಜ್ವರಕ್ಕೆ ಕೂತಿರುವ ಹುಳು ನೋಡಿ ಚೀರುತ್ತಾಳಾ? ಇವಳು ಹುಳು ಸಾಕಿದವಳಾ?’

ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಮೊದಲು ಸುಮಾರು ಒಂದು ದಿನ ತಿನ್ನದೆ, ತಲೆ ಎತ್ತಿ, ಅಲ್ಲಾಡದೆ ಇರುತ್ತದೆ. ಇದಕ್ಕೆ ಜ್ವರ ಎನ್ನುತ್ತಾರೆ. ನಾನೂ ಇದೇ ಮನೆಯಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ, ಜ್ವರ ಎಂಬ ಮಾತನ್ನು ದಿನವೂ ಕೇಳಿದ್ದೇನೆ. ಆದರೂ ಬರೆಯುವಾಗ ನನ್ನ ಕಣ್ಣಿಗೆ ಕಟ್ಟಿದ್ದು ಸಾವಿನಂಥ ಆ ಚಿತ್ರ ಮಾತ್ರ. ಇಂಥ ಸಲಹೆಯಲ್ಲಿ ಒಪ್ಪುವುದು ಬಿಡುವುದು ಎಂಬ ಮಾತೇ ಬರುವುದಿಲ್ಲ. ತಪ್ಪು ತಪ್ಪೇ. ಈ ದೃಶ್ಯ ತೆರೆಗೆ ಬಂದಿದ್ದರೆ ನಮ್ಮ ತಾಲ್ಲೂಕಿನ ಯಾವ ಊರಿನಲ್ಲೂ ನಾನು ತಲೆ ಎತ್ತುವಂತಿರಲಿಲ್ಲ.

‘ಹಾಗಾದರೆ ರೋಗ ಬಂದದ್ದು ಹೇಗೆ ಗೊತ್ತಾಗುತ್ತದೆ ಅತ್ತೆ?’ ಎಂದು ಕೇಳಿದೆ.

‘ಹಾಲು ತೊಂಡೆಯಾದರೆ ಹುಳು ಜ್ವರಕ್ಕೇ ಕೂರುವುದಿಲ್ಲ. ಬೇರೆಯವೆಲ್ಲ ಕೂತಿರುತ್ತವೆ, ಅದು ಮಾತ್ರ ಹಾಸಿಗೆಯ ಅಂಚಿನಲ್ಲಿ ಸುತ್ತುತ್ತಿರುತ್ತದೆ. ಮೈ ಹಳದಿಯಾಗಿ ಗೆಣ್ಣು ಗೆಣ್ಣು ಊದಿರುತ್ತದೆ. ಮುಟ್ಟಿದರೆ ಹಾಲಿನ ಹಾಗೆ ಒಸರುತ್ತದೆ. ಅಲ್ಲಾಡದ್ದಕ್ಕೆ ಯಾಕೆ ಹೆದರಬೇಕು? ಅಲ್ಲಾಡುವುದಕ್ಕೆ ಹೆದರಬೇಕು.’

ಆ ರಾತ್ರಿಯೇ ಎರಡು ದೃಶ್ಯ ಬರೆದೆ. ಒಂದರಲ್ಲಿ, ಮೂರನೆಯ ಜ್ವರ. ಬೆಂಗಳೂರಿನ ಹಾಸ್ಟೆಲಿನಿಂದ ಬಂದ ರತ್ನಮ್ಮನ ಮಗಳು ಕದಲದ ಹುಳುಗಳನ್ನು ನೋಡಿ ಗಾಬರಿಯಾಗುತ್ತಾಳೆ, ಅಜ್ಜಿ ನಕ್ಕು ವಿಷಯ ಹೇಳುತ್ತಾಳೆ. ಹುಳು ಕಂಡಿಲ್ಲದ ಪ್ರೇಕ್ಷಕರಿಗೂ ಮಗಳ ಜೊತೆಯಲ್ಲೇ ಪಾಠವಾಗುತ್ತದೆ. ಇನ್ನೊಂದು, ನಾಲ್ಕನೆಯ ಜ್ವರ. ಹುಳುಮನೆ ನಿಶ್ಶಬ್ದ. ಎಲ್ಲ ತಲೆ ಎತ್ತಿ ನಿಂತಿವೆ. ರತ್ನಮ್ಮ ಸಮಾಧಾನದಿಂದ ದೀಪ ಆರಿಸಲು ಕೈ ಚಾಚುತ್ತಾಳೆ. ಅಂಚಿನಲ್ಲಿ ಒಂದು ಹುಳು ನಡೆಯುತ್ತಿದೆ. ಇಂಟರ್ವಲ್. ಬೆಂಕಿ ಕೇಳಿದ್ದ ನಿರ್ಮಾಪಕರಿಗೆ ಇದನ್ನು ಕಥೆಯ ಹಾಗೆ ಹೇಳಿದಾಗ ಅವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಬೆಂಕಿಯ ಮಾತು ಮತ್ತೆ ಬರಲಿಲ್ಲ. ಅವರಿಗೆ ‘ಆಗುವುದಿಲ್ಲ ಸಾರ್’ ಎಂದು ನಾನು ಒಮ್ಮೆಯೂ ಹೇಳಿರಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಕೈಯಲ್ಲಿ ಬದಲಿ ಇಲ್ಲದೆ ಬೇಡ ಎಂದರೆ ಹಟ ಎನಿಸಿಕೊಳ್ಳುತ್ತದೆ.

ನಾನು ಕೊನೆಯವರೆಗೂ ಬಿಟ್ಟುಕೊಡದೆ ಉಳಿಸಿಕೊಂಡದ್ದು ಅಜ್ಜಿಯ ತೆಲುಗನ್ನು. ಕೆಂಪು ಪೆನ್ಸಿಲಿನಲ್ಲಿ ‘ಕನ್ನಡ ಸಿನಿಮಾ, ಎಲ್ಲ ಕನ್ನಡದಲ್ಲೇ ಇರಲಿ’ ಎಂದಿತ್ತು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅಜ್ಜಿ ತೆಲುಗಿನಲ್ಲಿ ಕೇಳುತ್ತಾಳೆ, ಮೊಮ್ಮಗಳು ಕನ್ನಡದಲ್ಲಿ ಉತ್ತರಿಸುತ್ತಾಳೆ, ಇಬ್ಬರಿಗೂ ಅದು ಎರಡು ಭಾಷೆ ಎಂಬ ಅರಿವೂ ಇರುವುದಿಲ್ಲ. ಅದನ್ನು ತೆಗೆದರೆ ಈ ಮನೆ ಯಾವ ಜಿಲ್ಲೆಯಲ್ಲಿ ಬೇಕಾದರೂ ಇರಬಹುದು. ಆದರೂ ನಿರ್ಮಾಪಕರ ಆತಂಕ ಸುಳ್ಳಲ್ಲ, ಮೈಸೂರಿನ ಪ್ರೇಕ್ಷಕರಿಗೆ ತಿಳಿಯಬೇಕಲ್ಲ. 14 ತೆಲುಗು ಮಾತುಗಳಿದ್ದವು. ಪ್ರತಿಯೊಂದರ ಮೇಲೂ ಬೆರಳಿಟ್ಟು ಮುಚ್ಚಿ, ಮುಂದಿನ ಕನ್ನಡ ಉತ್ತರ ಮಾತ್ರ ಓದಿದೆ. ‘ತಿನ್ನಾವಾ?’ ಎಂದು ಅಜ್ಜಿ ಕೇಳುತ್ತಾಳೆ, ‘ಈಗ ತಾನೇ ಊಟ ಆಯಿತಜ್ಜಿ’ ಎಂದು ಮೊಮ್ಮಗಳು ಹೇಳುತ್ತಾಳೆ. ಪ್ರಶ್ನೆ ತಾನಾಗಿ ತಿಳಿಯುತ್ತದೆ. ಹೀಗೆ ತಿಳಿಯುವಂಥವು ಒಂಬತ್ತಿದ್ದವು, ಉಳಿದವು. ತಿಳಿಯದ ಐದನ್ನು ಕನ್ನಡಕ್ಕೆ ತಂದೆ.

ಇಷ್ಟೆಲ್ಲ ಜಾಣತನ ಹೇಳಿಕೊಂಡ ಮೇಲೆ, ಹಟ ಹಿಡಿದು ಮುಗ್ಗರಿಸಿದ್ದನ್ನೂ ಹೇಳಬೇಕು. ಕೊನೆಯ ಭಾಗದಲ್ಲಿ ಗೂಡಿನ ಮಾರುಕಟ್ಟೆ ಬರುತ್ತದೆ. ಅದಕ್ಕಾಗಿ ನಾನು ಎಷ್ಟೋ ಬೆಳಿಗ್ಗೆ ಇಲ್ಲಿನ ಮಾರುಕಟ್ಟೆಗೆ ಹೋಗಿ ನಿಂತಿದ್ದೆ. ಗೂಡು ತೂಗುವುದು, ಲಾಟ್ ಸಂಖ್ಯೆ ಕೊಡುವುದು, ಗೂಡಿನಿಂದ ನೂಲು ತೆಗೆಯುವ ರೀಲರುಗಳು ಗೂಡನ್ನು ಕೈಯಲ್ಲಿ ಅಲುಗಿಸಿ ಕಿವಿಯ ಹತ್ತಿರ ಹಿಡಿಯುವುದು, ಮೊಬೈಲಿನಲ್ಲೇ ಬೆಲೆ ಏರಿಸುವುದು, ಬಂದ ಬೆಲೆ ಒಪ್ಪದಿದ್ದರೆ ರೈತ ಬೇಡ ಎನ್ನುವುದು, ಎಲ್ಲವನ್ನೂ ಏಳು ಪುಟ ಬರೆದಿದ್ದೆ. ಕತ್ತರಿಸು ಎಂದು ಗೆಳತಿ ಎರಡು ಸಲ ಹೇಳಿದಳು. ಬೆಂಗಳೂರಿನವಳಿಗೆ ಏನು ಗೊತ್ತು ಎಂದುಕೊಂಡೆ. ಮನಸ್ಸಿನಲ್ಲಿ ಅಂದುಕೊಂಡದ್ದು ಹಾಗೆಯೇ, ಈಗ ಬಚ್ಚಿಡುವುದೇಕೆ. ಅವಳ ಮಾತನ್ನು ತೂಗಿ ನೋಡದೆ ಅವಳನ್ನೇ ತೂಗಿ ಬದಿಗಿಟ್ಟೆ.

ಅತ್ತೆಗೆ ಓದಿ ಹೇಳುವಾಗ ಗಡಿಯಾರ ಇಟ್ಟುಕೊಂಡಿದ್ದೆ. ಪುಟಕ್ಕೊಂದು ನಿಮಿಷ ಎಂಬ ಲೆಕ್ಕ ಇಂಗ್ಲಿಷಿನಲ್ಲಿ, ನಿಗದಿಯಾದ ಅಕ್ಷರದಲ್ಲಿ, ನಿಗದಿಯಾದ ಅಂಚಿನಲ್ಲಿ ಟೈಪ್ ಮಾಡಿದ ಚಿತ್ರಕಥೆಗೆ ಹುಟ್ಟಿದ್ದು. ಎಡಕ್ಕೆ ದೃಶ್ಯ, ಬಲಕ್ಕೆ ಮಾತು ಎಂದು ಎರಡು ಅಂಕಣದಲ್ಲಿ ಕನ್ನಡದಲ್ಲಿ ಬರೆಯುವ ನನ್ನಂಥವರಿಗೆ ಅದು ಹೊಂದುವುದಿಲ್ಲ. ನಟಿಸುವ ವೇಗದಲ್ಲಿ ಗಟ್ಟಿಯಾಗಿ ಓದಿ ಅಳೆಯುವುದೇ ಸರಿ. ಏಳು ಪುಟದ ಮಾರುಕಟ್ಟೆ ಹನ್ನೊಂದು ನಿಮಿಷ ತೆಗೆದುಕೊಂಡಿತು. ಆರನೆಯ ನಿಮಿಷಕ್ಕೆ ಅತ್ತೆ, ‘ಇದೆಲ್ಲ ನಮಗೆ ಗೊತ್ತಲ್ಲಮ್ಮ, ಅವಳ ಗೂಡು ಹೋಯಿತೋ ಇಲ್ಲವೋ ಅದನ್ನು ಹೇಳು’ ಎಂದರು.

ಬೆಂಗಳೂರಿನವಳೂ ಶಿಡ್ಲಘಟ್ಟದವರೂ ಒಂದೇ ಮಾತು ಹೇಳಿದ್ದರು. ಮಾರುಕಟ್ಟೆ ಎರಡು ಪುಟಕ್ಕೆ ಇಳಿಯಿತು. ರೀಲರ್ ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸುವುದು ಮಾತ್ರ ಉಳಿಯಿತು, ಅದನ್ನು ದೂರದಿಂದ ನೋಡುತ್ತಿರುವ ಮೈದುನ ಮತ್ತು ಅತ್ತಿಗೆಯ ಮುಖಗಳ ಜೊತೆಗೆ. ಗೆಳತಿಗೆ ಫೋನ್ ಮಾಡಿ ಒಪ್ಪಿಕೊಂಡೆ. ‘ನಿಮ್ಮ ಅತ್ತೆಗೆ ಸಂಬಳ ಕೊಡು’ ಎಂದಳು.

ಮೂರನೆಯ ಕರಡು 98 ಪುಟಕ್ಕೆ ನಿಂತಿತು. ಲೆಕ್ಕ ಹಾಕಿದರೆ 41ರಲ್ಲಿ ಹೇಳಿದ್ದನ್ನು ಹೇಳಿದಂತೆಯೇ ಮಾಡಿದ್ದು ಹನ್ನೆರಡು, ಪರಿಹಾರ ಬಿಟ್ಟು ದೂರನ್ನು ಮಾತ್ರ ಒಪ್ಪಿಕೊಂಡದ್ದು ಹದಿನೆಂಟು. ಉಳಿದ ಹನ್ನೊಂದನ್ನು ಬಿಟ್ಟೆ. ಬಿಟ್ಟವುಗಳಲ್ಲಿ ಒಂಬತ್ತರ ಎದುರಿಗೆ ಯಾಕೆ ಎಂದು ಒಂದೊಂದು ಸಾಲು ಬರೆದಿಟ್ಟಿದ್ದೇನೆ. ಎರಡರ ಎದುರಿಗೆ ಬರೆಯಲು ಏನೂ ತೋಚದೆ ಖಾಲಿ ಬಿಟ್ಟಿದ್ದೇನೆ, ಅವುಗಳ ಮೇಲೆ ನನಗಿನ್ನೂ ಅನುಮಾನವಿದೆ.

ಹೊಸ ಕರಡನ್ನು, ಹಳೆಯದನ್ನು ಓದಿರದ ಒಬ್ಬರಿಗೆ ಕೊಡಬೇಕಾಗಿತ್ತು. ಚಿಕ್ಕಬಳ್ಳಾಪುರದಲ್ಲಿ ಬ್ಯಾಂಕಿನಲ್ಲಿರುವ ನನ್ನ ಚಿಕ್ಕಪ್ಪನ ಮಗನಿಗೆ ಕಳಿಸಿದೆ. ವಾರ ಬಿಟ್ಟು ಫೋನ್ ಮಾಡಿದ. ‘ಚೆನ್ನಾಗಿದೆ ಅಕ್ಕ, ಒಂದೇ ಒಂದು. ಆ ಹೆಂಗಸು ಮೈದುನನ ಮನೆ ಬಾಗಿಲಿಗೆ ಹೋಗಿ ಸಾಲ ಕೇಳುವುದು ನನಗೆ ನೋಡಲಾಗಲಿಲ್ಲ. ಅವಳಿಗೊಬ್ಬ ಅಣ್ಣನೋ ತಮ್ಮನೋ ಇದ್ದು ದುಡ್ಡು ತಂದುಕೊಟ್ಟಿದ್ದರೆ ಆಗುತ್ತಿರಲಿಲ್ಲವೇ?’

ಬಾಯಿ ತುದಿಯವರೆಗೆ ಬಂದ ಉತ್ತರವನ್ನು ನುಂಗಿಕೊಂಡು, ಯಾವ ಪುಟದಲ್ಲಿ ಹಾಗನ್ನಿಸಿತು ಎಂದು ಕೇಳಿ ಪೆನ್ಸಿಲ್ ತೆಗೆದುಕೊಂಡೆ.